ಲೆಕ್ಕ ಬಿಡಿಸುವ ಆ್ಯಪ್: ಹೋಂವರ್ಕ್ ಎಲ್ಲ ಸರಿ, ಟೆಸ್ಟ್‌ನಲ್ಲಿ 20ಕ್ಕೆ 7. ಏನು ಮಾಡಲಿ?

ಸೋಮವಾರಪೇಟೆ ತಾಯಿ

ಎಲ್ಲರಿಗೂ ನಮಸ್ಕಾರ. ಮಗ ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ಜುಲೈಯಲ್ಲಿ ಮಳೆ ರಜೆ ಮೇಲೆ ರಜೆ ಬಂತಲ್ಲ, ಆಗ ಹೋಂವರ್ಕ್ ಎಲ್ಲ ವಾಟ್ಸಾಪ್ ಗ್ರೂಪಿಗೇ ಬರುತ್ತಿತ್ತು. ಫೋನು ಅವನ ಕೈಗೆ ಹೋಗಿದ್ದು ಆವಾಗಲೇ. ಲೆಕ್ಕಕ್ಕೆ ಕ್ಯಾಮೆರಾ ಹಿಡಿದರೆ ಉತ್ತರ ಬರುವ ಒಂದು ಆ್ಯಪ್ ಹಾಕಿಕೊಂಡಿದ್ದಾನೆ. ಬರೀ ಉತ್ತರ ಅಲ್ಲ, ಒಂದೊಂದು ಹಂತವನ್ನೂ ತೋರಿಸುತ್ತದೆ. ನನಗೂ ಮೊದಲು ಖುಷಿಯೇ ಆಗಿತ್ತು, ಹಂತ ನೋಡಿ ಕಲಿಯುತ್ತಾನೆ ಅಂತ.

ಈಗ ವರ್ಗ ಸಮೀಕರಣದ ಟೆಸ್ಟ್ ಆಯಿತು. 20ಕ್ಕೆ 7. ಹೋಂವರ್ಕ್ ಪುಸ್ತಕ ತೆಗೆದು ನೋಡಿದರೆ ಎಲ್ಲ ಲೆಕ್ಕಕ್ಕೂ ಕೆಂಪು ಪೆನ್ನಿನ ಸರಿ ಗುರುತು ಇದೆ. ಅದೇ ಪುಸ್ತಕದ ಒಂದು ಲೆಕ್ಕ ಕೊಟ್ಟು ನನ್ನ ಎದುರು ಮಾಡು ಅಂದೆ. ಎರಡು ಸಾಲು ಬರೆದ, ಆಮೇಲೆ ಪೆನ್ನು ಕಚ್ಚಿಕೊಂಡು ಕೂತ. ನೋಡಿದರೆ ಎಲ್ಲ ಗೊತ್ತಾಗುತ್ತದಮ್ಮಾ, ಬರೆಯೋಕೆ ಹೋದರೆ ಬರೋಲ್ಲ ಅಂತಾನೆ. ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಅನ್ನಿಸಲಿಲ್ಲ.

ನನ್ನದು ಬಿ.ಕಾಂ, ಈ ಲೆಕ್ಕ ಎಲ್ಲ ಮರೆತು ಹೋಗಿದೆ. ಈಗ ಕಾಫಿ ಕೊಯ್ಲು ಬೇರೆ ಶುರುವಾಗಿದೆ, ಇವರು ದಿನವಿಡೀ ತೋಟದಲ್ಲಿ. ಸಂಜೆ ಟ್ಯೂಷನ್ನಿಗೆ ಕಳಿಸೋಣ ಅಂದರೆ ಕತ್ತಲಾದ ಮೇಲೆ ವಾಪಸ್ ಬರೋಕೆ ಬಸ್ಸಿಲ್ಲ. ಫೋನು ಕಿತ್ತುಕೊಳ್ಳುವುದು ನನಗೆ ಇಷ್ಟ ಇಲ್ಲ. ಈ ಆ್ಯಪನ್ನೇ ಇಟ್ಟುಕೊಂಡು ನಿಜವಾಗಿ ಕಲಿಯುವ ಹಾಗೆ ಮಾಡೋಕೆ ಆಗುತ್ತದಾ? ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ.

ಕುಶಾಲನಗರ ಅಪ್ಪ

ಮೇಡಂ, ಆನ್‌ಲೈನ್ ಕೋರ್ಸ್ ಮಾತ್ರ ತಗೋಬೇಡಿ. ನಾನು ಮಗಳಿಗೆ ಅಂತ ಒಂದು ಕಂಪನಿಯ ಕೋರ್ಸಿಗೆ ವರ್ಷದ ದುಡ್ಡು ಒಟ್ಟಿಗೇ ಕಟ್ಟಿದೆ. ಮನೆಗೇ ಬಂದು ಎರಡು ಗಂಟೆ ಮಾತಾಡಿ ಸಹಿ ಹಾಕಿಸಿಕೊಂಡು ಹೋದರು. ಅವಳು ವಿಡಿಯೋ ನೋಡಿದ್ದು ಒಂದು ತಿಂಗಳು. ಬೇಡ ಅಂದರೆ ದುಡ್ಡು ವಾಪಸ್ ಕೊಡೋಲ್ಲ, ಫೋನೂ ಎತ್ತೋಲ್ಲ. ಪಾಠದ ವಿಡಿಯೋ ಬೇಕಿದ್ದರೆ ಸರ್ಕಾರಿ ಪಠ್ಯಪುಸ್ತಕದ ಪಾಠಗಳಲ್ಲಿ ಕ್ಯೂಆರ್ ಕೋಡ್ ಇರುತ್ತದೆ ನೋಡಿ, ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪುಕ್ಕಟೆ.

ಸೋಮವಾರಪೇಟೆ ತಾಯಿ

ಅಣ್ಣ, ನಿಮಗಾದ ನಷ್ಟ ಕೇಳಿ ಬೇಜಾರಾಯಿತು. ಆದರೆ ನಾನು ಕೋರ್ಸ್ ಕೊಳ್ಳುವ ವಿಷಯ ಕೇಳಿದ್ದಲ್ಲ. ಇದು ಪುಕ್ಕಟೆ ಆ್ಯಪ್, ಲೆಕ್ಕ ಬಿಡಿಸಿ ಕೊಡುತ್ತದೆ ಅಷ್ಟೆ. ಕ್ಯೂಆರ್ ಕೋಡ್ ನೋಡುತ್ತೇನೆ.

ಮಡಿಕೇರಿ ಮಂಜು

ನನ್ನ ಅಭಿಪ್ರಾಯ, ಡಿಲೀಟ್ ಮಾಡಿಸಿ. ಕಾಪಿ ಹೊಡೆಯುವುದು ಒಂದು ಕಡೆ ಇರಲಿ, ಈ ಆ್ಯಪ್‌ಗಳು ಉತ್ತರವನ್ನೇ ತಪ್ಪು ಕೊಡುತ್ತವೆ. ನಮ್ಮ ಮನೆಯಲ್ಲೇ ಆಗಿದೆ. 7 ಸೆಂಟಿಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ. ಮಗಳು 154 ಅಂತ ಸರಿಯಾಗಿ ಬರೆದಿದ್ದಳು. ಆ್ಯಪ್‌ನಲ್ಲಿ 153.94 ಅಂತ ಬಂತು. ಪಾಪ, ತನ್ನದೇ ತಪ್ಪು ಅಂದುಕೊಂಡು ಇಡೀ ಲೆಕ್ಕ ರಬ್ಬರ್‌ನಲ್ಲಿ ಅಳಿಸಿ ಮತ್ತೆ ಮತ್ತೆ ಮಾಡಿದಳು. ಕೊನೆಗೆ ಅಳುವುದೊಂದು ಬಾಕಿ. ಮಕ್ಕಳಿಗೆ ತಮ್ಮ ಮೇಲಿನ ನಂಬಿಕೆಯೇ ಹೋಗುತ್ತದೆ.

ವಿರಾಜಪೇಟೆ ಮೇಷ್ಟ್ರು

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವನು ನಾನು. ಮೊದಲು ಮಂಜು ಅವರ ವಿಷಯ. ನಿಮ್ಮ ಮಗಳದ್ದೂ ಸರಿ, ಆ್ಯಪ್‌ನದ್ದೂ ಸರಿ. ಶಾಲೆಯಲ್ಲಿ ಪೈ ಬೆಲೆ 22/7 ಅಂತ ತೆಗೆದುಕೊಳ್ಳುತ್ತೇವೆ, 49ಕ್ಕೆ ಗುಣಿಸಿದರೆ ಸರಿಯಾಗಿ 154. ಆ್ಯಪ್ 3.14159 ಅಂತ ಮುಂದಕ್ಕೂ ಹೋಗುತ್ತದೆ, ಅದಕ್ಕೆ 153.94. ಪರೀಕ್ಷೆಯಲ್ಲಿ ಮಗಳು 154 ಅಂತಲೇ ಬರೆಯಲಿ. ವೃತ್ತ, ಸಿಲಿಂಡರ್, ಶಂಕು, ಗೋಳ ಈ ಪಾಠಗಳಲ್ಲಿ ದಶಮಾಂಶದ ಹತ್ತಿರ ಸ್ವಲ್ಪವೇ ಸ್ವಲ್ಪ ವ್ಯತ್ಯಾಸ ಬಂದರೆ ಮೊದಲು ಪೈ ಮೇಲೆ ಅನುಮಾನ ಪಡಿ. ಆದರೆ ಮಗು ಸರಿ ಉತ್ತರವನ್ನು ಅಳಿಸಿತು ಅಂದಿರಲ್ಲ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದು ನಿಜವಾದ ತೊಂದರೆ.

ಈಗ ಸೋಮವಾರಪೇಟೆ ತಾಯಿಗೆ. ನೋಡಮ್ಮ, ನಿನ್ನ ಮಗ ಹೇಳಿದ್ದು ಅಕ್ಷರಶಃ ನಿಜ. ಬಿಡಿಸಿಟ್ಟ ಲೆಕ್ಕ ಓದುವಾಗ ಪ್ರತಿ ಸಾಲೂ ಹೌದು ಅನ್ನಿಸುತ್ತದೆ. ಆದರೆ ಮುಂದಿನ ಸಾಲು ಯಾವುದು ಅಂತ ಅವನು ಒಂದು ಸಲವೂ ತೀರ್ಮಾನ ಮಾಡಿಲ್ಲ. ಟೆಸ್ಟ್‌ನಲ್ಲಿ ಬೇಕಾಗುವುದು ಅದೇ.

ಒಂದು ಬದಲಾವಣೆ ಮಾಡಿ ನೋಡು. ಅವನು ಕ್ಯಾಮೆರಾವನ್ನು ಪ್ರಶ್ನೆಗೆ ಹಿಡಿಯುವುದು ಬೇಡ. ತಾನೇ ಕೈಯಲ್ಲಿ ಬರೆದ ಸಾಲುಗಳಿಗೆ ಹಿಡಿಯಲಿ, ಅದೂ ಲೆಕ್ಕ ಮುಗಿದ ಮೇಲೆ ಅಥವಾ ಪೂರ್ತಿ ಸಿಕ್ಕಿಹಾಕಿಕೊಂಡ ಮೇಲೆ.

ಇದು ಯಾಕೆ ನಡೆಯುತ್ತದೆ ಅಂದರೆ, ಸಮೀಕರಣದ ಲೆಕ್ಕದಲ್ಲಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಸರಿಯಾಗಿ ಬಂದಿದ್ದರೆ ಮೂಲಗಳು ಬದಲಾಗುವುದಿಲ್ಲ. ಮೊದಲ ಸಾಲಿಗೆ ಯಾವ ಉತ್ತರವೋ ಐದನೇ ಸಾಲಿಗೂ ಅದೇ ಉತ್ತರ ಬರಬೇಕು. ಎಲ್ಲಿ ಉತ್ತರ ಬದಲಾಯಿತೋ ಅದರ ಹಿಂದಿನ ಸಾಲಿಗೂ ಈ ಸಾಲಿಗೂ ನಡುವೆ ತಪ್ಪು ಕೂತಿದೆ. ಆ್ಯಪ್ ತೋರಿಸುವ ಹಂತಗಳನ್ನು ತೆರೆಯಲೇಬಾರದು, ಬರೀ ಕೊನೆಯ ಉತ್ತರ ನೋಡಬೇಕು. ಯಾವ ಸಾಲು ಕೆಟ್ಟಿದೆ ಅಂತ ಆ್ಯಪ್ ತೋರಿಸುತ್ತದೆ, ಏನು ಕೆಟ್ಟಿದೆ ಅಂತ ಅವನೇ ಹುಡುಕಬೇಕು.

ಇವತ್ತು ಈ ಲೆಕ್ಕ ಕೊಡು. ಒಂದು ಆಯತಾಕಾರದ ಕಾಫಿ ಕಣ. ಅದರ ಉದ್ದ ಅಗಲದ ಎರಡರಷ್ಟಕ್ಕಿಂತ 3 ಮೀಟರ್ ಜಾಸ್ತಿ. ವಿಸ್ತೀರ್ಣ 65 ಚದರ ಮೀಟರ್. ಉದ್ದ ಅಗಲ ಎಷ್ಟು? ಅಪವರ್ತನ ವಿಧಾನದಲ್ಲೇ ಬಿಡಿಸಬೇಕು. ಸಾಲಿಗೆ ನಂಬರ್ ಹಾಕಿ ಬರೆಯಲಿ. ಬರೆದದ್ದನ್ನು ಇಲ್ಲಿ ಹಾಕು.

ಗೋಣಿಕೊಪ್ಪ ಪಿಯುಸಿ

ಆಂಟಿ, ನಾನು ಸೆಕೆಂಡ್ ಪಿಯು, ಪಿಸಿಎಂಬಿ. ಹತ್ತನೇ ಕ್ಲಾಸಿನಲ್ಲಿ ನಾನೂ ನಿಮ್ಮ ಮಗನ ಹಾಗೇ ಮಾಡುತ್ತಿದ್ದೆ. ಮೇಷ್ಟ್ರು ಹೇಳಿದ್ದು ಒಳ್ಳೆಯದು, ಆದರೆ ಹಂತ ನೋಡಲೇಬಾರದು ಅನ್ನುವುದಕ್ಕೆ ನಾನು ಒಪ್ಪಲ್ಲ. ಒಂದು ಹಂತ ನೋಡಿ, ಫೋನು ಕವುಚಿ ಹಾಕಿ, ಮಿಕ್ಕಿದ್ದು ನಾನೇ ಮಾಡುತ್ತಿದ್ದೆ. ಆಮೇಲೆ ಅದೇ ತರಹದ ಇನ್ನೊಂದು ಲೆಕ್ಕವನ್ನು ಫೋನಿಲ್ಲದೆ ಮಾಡುತ್ತಿದ್ದೆ. ನನಗೆ ಅದರಿಂದಲೇ ಬಂದಿದ್ದು.

ಇನ್ನೊಂದು ವಿಷಯ. ಪ್ರಶ್ನೆಯಲ್ಲಿ ಅಪವರ್ತನ ವಿಧಾನ ಅಂತ ಇದ್ದರೂ ಆ್ಯಪ್ ತನಗಿಷ್ಟ ಬಂದ ವಿಧಾನ ಹಿಡಿಯಬಹುದು, ಸೂತ್ರದಲ್ಲಿ ಬಿಡಿಸಿಬಿಡಬಹುದು. ಅದನ್ನೇ ಬರೆದುಕೊಂಡು ಹೋದರೆ ಟೀಚರ್‌ಗೆ ನೋಡಿದ ತಕ್ಷಣ ಗೊತ್ತಾಗುತ್ತದೆ. ನಾನು ಬಳಸುತ್ತಿದ್ದದ್ದು ಫೋಟೋಮ್ಯಾತ್, ಅದರಲ್ಲಿ ಒಂದೇ ಲೆಕ್ಕಕ್ಕೆ ಬೇರೆ ಬೇರೆ ವಿಧಾನ ಇದ್ದರೆ ಆರಿಸಿಕೊಳ್ಳಬಹುದು. ತ್ರಿಕೋನಮಿತಿ ಬಂದಾಗ ಇನ್ನೊಂದು ನೋಡಿಕೊಳ್ಳಿ. ನೀವು 1/√2 ಅಂತ ಬರೆದಿದ್ದರೆ ಆ್ಯಪ್ √2/2 ಅನ್ನಬಹುದು. ಎರಡೂ ಒಂದೇ.

ನಾಪೋಕ್ಲು ತೋಟ

ನಮ್ಮ ಕಡೆ ಮನೆಯೊಳಗೆ ನೆಟ್‌ವರ್ಕೇ ಸಿಗೋಲ್ಲ. ಗೇಟಿನ ಹತ್ತಿರ ಹೋಗಿ ಫೋನು ಎತ್ತಿ ಹಿಡಿಯಬೇಕು. ಇಂಟರ್ನೆಟ್ ಇಲ್ಲದೆ ನಡೆಯುವಂಥದ್ದು ಏನಾದರೂ ಇದೆಯಾ? ನನ್ನ ತಂಗಿ ಮಗಳು ಒಂಬತ್ತನೇ ಕ್ಲಾಸು, ಅವಳಿಗೆ ಬೇಕಿತ್ತು.

ಗೋಣಿಕೊಪ್ಪ ಪಿಯುಸಿ

ಅಂಕಲ್, ಜಿಯೋಜೀಬ್ರಾ ಹಾಕಿಕೊಳ್ಳಿ. ಪುಕ್ಕಟೆ. ಪೇಟೆಗೆ ಹೋದಾಗ ಒಂದು ಸಲ ಇಳಿಸಿಕೊಂಡರೆ ಆಮೇಲೆ ಗ್ರಾಫ್ ಬರೆಯೋಕೆ, ಸಮೀಕರಣ ಬಿಡಿಸೋಕೆ ನೆಟ್ ಬೇಡ. ಅದರಲ್ಲಿ ಸಿಎಎಸ್ ಅಂತ ಬೇರೆ ಕ್ಯಾಲ್ಕುಲೇಟರ್ ಇದೆ, ಅಲ್ಲಿ ಹೀಗೆ ಟೈಪ್ ಮಾಡಬೇಕು.

```
Solve(2x^2 + 3x = 65)
Factor(2x^2 + 3x - 65)
```

ಹಂತ ಗಿಂತ ಏನೂ ತೋರಿಸೋಲ್ಲ, ಉತ್ತರ ಮಾತ್ರ. ಮೇಷ್ಟ್ರು ಹೇಳಿದ ರೀತಿಗೆ ಅದೇ ಒಳ್ಳೆಯದು ಅನ್ನಿಸುತ್ತದೆ, ನೋಡಿ ಬರೆಯೋಕೆ ಅಲ್ಲಿ ಏನೂ ಇಲ್ಲ. ಟೈಪ್ ಮಾಡುವುದು ಮೊದಲೆರಡು ದಿನ ಕಷ್ಟ.

ಸೋಮವಾರಪೇಟೆ ತಾಯಿ

ಮೇಷ್ಟ್ರೇ, ನಿನ್ನೆ ರಾತ್ರಿ ಊಟ ಆದ ಮೇಲೆ ಕೂರಿಸಿದೆ. ಮೊದಲ ಸಲ ಅವನು ಬರೆದದ್ದು ಹೀಗೆ, ಇದ್ದದ್ದು ಇದ್ದ ಹಾಗೇ ಹಾಕುತ್ತಿದ್ದೇನೆ.

```
1)  x × 2x + 3 = 65
2)  2x² = 62
3)  x² = 31
```

ಇಷ್ಟಕ್ಕೆ ಅಪವರ್ತನ ಎಲ್ಲಿ ಬಂತು ಅಂತ ಅವನಿಗೇ ಅನುಮಾನ. ನೀವು ಹೇಳಿದ ಹಾಗೆ ಮೂರು ಸಾಲಿಗೂ ಕ್ಯಾಮೆರಾ ಹಿಡಿದ. ಮೂರಕ್ಕೂ ಅದೇ ಉತ್ತರ ಬಂತು, √31 ಮತ್ತು -√31. ಅಂದರೆ ಸರಿ ಅಲ್ವಾ ಅಂದ. ನನಗೂ ಏನು ಹೇಳಬೇಕೋ ತಿಳಿಯಲಿಲ್ಲ.

ವಿರಾಜಪೇಟೆ ಮೇಷ್ಟ್ರು

ಒಳ್ಳೆಯದಾಯಿತು, ಈ ವಿಧಾನ ಎಲ್ಲಿ ಕೈಕೊಡುತ್ತದೆ ಅಂತ ಮೊದಲ ದಿನವೇ ಸಿಕ್ಕಿತು. ಅವನ ಮೂರು ಸಾಲೂ ಒಂದಕ್ಕೊಂದು ಸರಿಯಾಗಿವೆ. ತಪ್ಪಿರುವುದು ಒಂದನೇ ಸಾಲಿಗೂ ಮೊದಲು, ಕನ್ನಡ ವಾಕ್ಯದಿಂದ ಸಮೀಕರಣಕ್ಕೆ ಬರುವ ಜಾಗದಲ್ಲಿ. ಕಣದ ವಿಷಯ ಆ್ಯಪ್‌ಗೆ ಗೊತ್ತಿಲ್ಲ. ಕೊಟ್ಟ ಸಮೀಕರಣವನ್ನು ಬಿಡಿಸಿತು ಅಷ್ಟೆ.

ಇಲ್ಲಿ ಪರೀಕ್ಷೆ ಮಾಡುವ ದಾರಿ ಬೇರೆ. ಬಂದ ಉತ್ತರವನ್ನು ಸಮೀಕರಣದಲ್ಲಿ ಹಾಕಿ ನೋಡಬಾರದು, ಪ್ರಶ್ನೆಯ ವಾಕ್ಯದಲ್ಲಿ ಹಾಕಿ ನೋಡಬೇಕು. √31 ಅಂದರೆ ಸುಮಾರು 5.57. ಅಗಲ 5.57 ಆದರೆ ಉದ್ದ ಅದರ ಎರಡರಷ್ಟಕ್ಕೆ ಮೂರು ಸೇರಿಸಿ 14.14. ಎರಡನ್ನೂ ಗುಣಿಸಿದರೆ 78 ದಾಟುತ್ತದೆ. ಪ್ರಶ್ನೆಯಲ್ಲಿ 65 ಇದೆ. ಕಣದ ಚಿತ್ರ ಬರೆದು ಒಂದು ಬದಿಗೆ x, ಇನ್ನೊಂದು ಬದಿಗೆ 2x + 3 ಅಂತ ಬರೆಯಲು ಹೇಳು, ಇಡೀ ಉದ್ದವನ್ನು x ಗುಣಿಸಬೇಕು ಅಂತ ಅವನಿಗೇ ಕಾಣುತ್ತದೆ. ಆವರಣ ಬಿಟ್ಟುಹೋಗಿದೆ ಅಂತ ನೀನು ಹೇಳಬೇಡ.

ಸೋಮವಾರಪೇಟೆ ತಾಯಿ

ಚಿತ್ರ ಬರೆದ ಕೂಡಲೇ ಗೊತ್ತಾಯಿತು ಅವನಿಗೆ. ಆಮೇಲೆ ಬರೆದದ್ದು ಇದು.

```
1)  x(2x + 3) = 65
2)  2x² + 3x = 65
3)  2x² + 3x - 65 = 0
4)  2x² + 13x - 10x - 65 = 0
5)  x(2x + 13) - 5(2x - 13) = 0
```

ನಾಲ್ಕನೇ ಸಾಲಿಗೆ ಬರೋಕೇ ಕಾಲು ಗಂಟೆ ಬೇಕಾಯಿತು. 13, 10 ಎಲ್ಲಿಂದ ಬರುತ್ತದೆ ಅಂತಲೇ ಇಷ್ಟು ದಿನ ಅವನಿಗೆ ಗೊತ್ತಿರಲಿಲ್ಲ, ಆ್ಯಪ್‌ನಲ್ಲಿ ಅದು ಸುಮ್ನೆ ಬಂದು ಕೂತಿರುತ್ತಿತ್ತು. ಪಠ್ಯಪುಸ್ತಕ ತೆಗೆದು ನೋಡಿದೆವು. 2ನ್ನೂ 65ನ್ನೂ ಗುಣಿಸಿದರೆ 130. ಅದರ ಜೋಡಿಗಳನ್ನು ಬರೆದ. 1 ಮತ್ತು 130, 2 ಮತ್ತು 65, 5 ಮತ್ತು 26, 10 ಮತ್ತು 13. 65ರ ಹಿಂದೆ ಮೈನಸ್ ಇರುವುದರಿಂದ ಒಂದು ಪ್ಲಸ್ ಒಂದು ಮೈನಸ್, ವ್ಯತ್ಯಾಸ 3 ಬರುವುದು ಕೊನೆಯ ಜೋಡಿ ಮಾತ್ರ. ಅವನ ಮುಖ ನೋಡಬೇಕಿತ್ತು ನೀವು.

ಐದನೇ ಸಾಲಿಗೆ ಮತ್ತೆ ನಿಂತ. ಎರಡು ಆವರಣ ಒಂದೇ ತರಹ ಬರಬೇಕು, ಇಲ್ಲಿ ಒಂದರಲ್ಲಿ ಪ್ಲಸ್, ಒಂದರಲ್ಲಿ ಮೈನಸ್. ಟೆಸ್ಟ್‌ನಲ್ಲೂ ಇಲ್ಲೇ ಬಿಟ್ಟುಬಂದಿದ್ದನಂತೆ. ಸರಿ, ಸಾಲು ಸಾಲಾಗಿ ಕ್ಯಾಮೆರಾ ಹಿಡಿದೆವು. ಒಂದನೇ ಸಾಲಿಗೆ 5 ಮತ್ತು -13/2. ಎರಡನೆಯದಕ್ಕೂ ಅದೇ.

ಮೂರನೇ ಸಾಲಿಗೆ ಮಾತ್ರ 65/7 ಅಂತ ಬಂತು! ಅಲ್ಲೇ ತಪ್ಪು ಅಂದುಕೊಂಡು ಹತ್ತು ನಿಮಿಷ ಹುಡುಕಿದೆವು, ತಪ್ಪೇ ಇಲ್ಲ. ಆಮೇಲೆ ನೋಡಿದರೆ ಅವನು ವರ್ಗದ 2ನ್ನು ದೊಡ್ಡದಾಗಿ ಕೆಳಗೆ ಬರೆದಿದ್ದ, ಆ್ಯಪ್ ಅದನ್ನು ಬರೀ 2 ಅಂತ ಓದಿಕೊಂಡು x ಜೊತೆ ಗುಣಿಸಿ 4x ಮಾಡಿತ್ತು. ತಿದ್ದಿದ ಮೇಲೆ 5 ಮತ್ತು -13/2. ನಾಲ್ಕನೆಯದಕ್ಕೂ ಅದೇ. ಐದಕ್ಕೆ ಬಂದರೆ ವಾಸ್ತವ ಉತ್ತರ ಇಲ್ಲ ಅಂತ ತೋರಿಸಿತು.

ಅಂದರೆ ನಾಲ್ಕು ಮತ್ತು ಐದರ ನಡುವೆ. ನಾನು ಬಾಯಿ ಬಿಡಲಿಲ್ಲ. ಐದನೇ ಸಾಲನ್ನು ಅವನೇ ಬಿಚ್ಚಿ ಗುಣಿಸಿದ. ಮೈನಸ್ 5ಕ್ಕೆ ಮೈನಸ್ 13 ಗುಣಿಸಿದರೆ ಪ್ಲಸ್ 65. ಮೇಲಿನ ಸಾಲಿನಲ್ಲಿ ಮೈನಸ್ 65 ಇದೆ. ಅಯ್ಯೋ, ಮೈನಸ್ ಹೊರಗೆ ತೆಗೆದಾಗ ಒಳಗೆ ಚಿಹ್ನೆ ಬದಲಾಗಬೇಕು ಅಂದ. ತಿದ್ದಿ (2x + 13)(x - 5) = 0 ಬರೆದ. ಅಗಲ 5, ಉದ್ದ 13, ಗುಣಿಸಿದರೆ 65.

ಒಂದು ಲೆಕ್ಕಕ್ಕೆ ಒಂದು ಗಂಟೆ ಆಯಿತು ಮೇಷ್ಟ್ರೇ. ಮೊದಲು ಅರ್ಧ ಗಂಟೆಯಲ್ಲಿ ಹನ್ನೆರಡು ಲೆಕ್ಕ ಮುಗಿಸುತ್ತಿದ್ದ. ಹೋಂವರ್ಕ್ ಪೂರ್ತಿ ಮಾಡೋಕೆ ಆಗಲಿಲ್ಲ.

ವಿರಾಜಪೇಟೆ ಮೇಷ್ಟ್ರು

ಅವನ ಪುಸ್ತಕ ನನ್ನ ಕೈಗೆ ಬಂದಿದ್ದರೆ ಆ ಒಂದು ಲೆಕ್ಕಕ್ಕೆ ನಾನು ತುಂಬಾ ಸಂತೋಷ ಪಡುತ್ತಿದ್ದೆ. ಮೈನಸ್ ಹೊರತೆಗೆಯುವ ಈ ತಪ್ಪನ್ನು ಎಷ್ಟು ಮಕ್ಕಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಕೆಂಪು ಗೆರೆ ಎಳೆದು ತಿದ್ದಿಕೊಟ್ಟರೆ ಮುಂದಿನ ವಾರ ಮತ್ತೆ ಅದೇ ಮಾಡುತ್ತಾರೆ. ತಾನೇ ಹಿಡಿದ ತಪ್ಪನ್ನು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ.

ಇನ್ನು ಮುಂದೆ ಎಲ್ಲ ಸಾಲಿಗೂ ಕ್ಯಾಮೆರಾ ಹಿಡಿಯಬೇಕಿಲ್ಲ. ಮೊದಲ ಸಾಲು ನೋಡಲಿ, ನಡುವಿನ ಒಂದು ಸಾಲು ನೋಡಲಿ. ಎರಡೂ ಒಂದೇ ಆದರೆ ತಪ್ಪು ಕೆಳಗಿನ ಅರ್ಧದಲ್ಲಿ, ಇಲ್ಲದಿದ್ದರೆ ಮೇಲಿನ ಅರ್ಧದಲ್ಲಿ. ಎಂಟು ಸಾಲಿನ ಲೆಕ್ಕ ಆದರೂ ಮೂರು ನಾಲ್ಕು ಸಲ ಹಿಡಿದರೆ ಸಾಕು.

ಕ್ಯಾಮೆರಾ ತಪ್ಪು ಓದಿದ್ದನ್ನು ಹೇಗೆ ಹಿಡಿಯಬೇಕು ಅಂದರೆ, ಉತ್ತರ ನೋಡುವ ಮೊದಲು ಆ್ಯಪ್ ಮೇಲ್ಗಡೆ ಬರೆದುಕೊಂಡಿರುವ ಸಮೀಕರಣವನ್ನು ಪುಸ್ತಕದ ಸಾಲಿನ ಜೊತೆ ಅಕ್ಷರ ಅಕ್ಷರ ಹೋಲಿಸಬೇಕು. ನಿಮಗೆ ಒಂದು ಸುಳಿವೂ ಇತ್ತು. ವರ್ಗ ಸಮೀಕರಣಕ್ಕೆ 65/7 ಅಂತ ಒಂದೇ ಒಂದು ಉತ್ತರ ಬಂದಿತ್ತು. ಎರಡು ಮೂಲ ಸಮ ಆದಾಗ ಒಂದೇ ಕಾಣುವುದುಂಟು, ಆದರೆ ಮೇಲಿನ ಸಾಲಿಗೆ ಎರಡು ಬಂದು ಇಲ್ಲಿ ಒಂದೇ ಬಂದರೆ ವರ್ಗವೇ ಕಾಣೆಯಾಗಿದೆ ಅಂತ ಅರ್ಥ.

ಹೋಂವರ್ಕ್ ಬಗ್ಗೆ ಟೀಚರ್ ಹತ್ತಿರ ನೇರವಾಗಿ ಮಾತಾಡು. ಹನ್ನೆರಡು ನೋಡಿ ಬರೆದದ್ದಕ್ಕಿಂತ ನಾಲ್ಕು ಸ್ವಂತ ಮಾಡಿದ್ದು ಸಾಕು ಅಂತ ನಾನಾದರೆ ಒಪ್ಪುತ್ತಿದ್ದೆ. ಅವರು ಏನನ್ನುತ್ತಾರೋ ನೋಡಬೇಕು.

ಗೋಣಿಕೊಪ್ಪ ಪಿಯುಸಿ

ಸರ್, ಒಂದು ಸಣ್ಣ ತಕರಾರು. ಸಾಲು ಸರಿಯಾಗಿದ್ದರೆ ಮೂಲ ಬದಲಾಗುವುದಿಲ್ಲ ಅಂದಿರಿ. ಎಲ್ಲ ಕಡೆ ಹಾಗಾಗೋಲ್ಲ. √(2x + 3) = x ತೆಗೆದುಕೊಳ್ಳಿ. ಎರಡೂ ಕಡೆ ವರ್ಗ ಮಾಡಿದರೆ x² - 2x - 3 = 0. ಇದಕ್ಕೆ 3 ಮತ್ತು -1. ಆದರೆ ಮೊದಲ ಸಾಲಿಗೆ 3 ಮಾತ್ರ, -1 ಹಾಕಿದರೆ ಎಡಗಡೆ 1, ಬಲಗಡೆ -1. ಇಲ್ಲಿ ಮಾಡಿದ ಹಂತ ತಪ್ಪಲ್ಲ, ಆದರೂ ಉತ್ತರ ಒಂದು ಜಾಸ್ತಿಯಾಯಿತು.

ಉತ್ತರ ಕಳೆದುಹೋಗುವುದೂ ಇದೆ. x² = 5x ಇದ್ದಾಗ ಎರಡೂ ಕಡೆ x ಹೊಡೆದು x = 5 ಅಂತ ಬರೆದುಬಿಡುವುದು. ನಾನು ಎಷ್ಟೋ ದಿನ ಹಾಗೇ ಮಾಡಿದ್ದೇನೆ. 0 ಕೂಡ ಉತ್ತರ, ಅದು ಹೋಯಿತು. ಇದನ್ನು ಮಾತ್ರ ನಿಮ್ಮ ವಿಧಾನ ಸರಿಯಾಗಿ ಹಿಡಿಯುತ್ತದೆ, ಮೇಲಿನ ಸಾಲಿಗೆ ಎರಡು ಉತ್ತರ, ಕೆಳಗಿನದಕ್ಕೆ ಒಂದು.

ವಿರಾಜಪೇಟೆ ಮೇಷ್ಟ್ರು

ನೀನು ಹೇಳಿದ್ದು ಸರಿ ಮಗು, ನಾನು ಬಿಟ್ಟಿದ್ದೆ. ಎರಡೂ ಕಡೆ ವರ್ಗ ಮಾಡಿದ ಸಾಲಿಗೆ ಈ ಪರೀಕ್ಷೆ ನಂಬಬಾರದು, ಕೊನೆಯ ಉತ್ತರಗಳನ್ನು ಮೊದಲ ಸಾಲಿನಲ್ಲೇ ಹಾಕಿ ನೋಡಬೇಕು. ಹತ್ತನೇ ಕ್ಲಾಸಿನ ಹುಡುಗನಿಗೆ ಅದು ಜಾಸ್ತಿ ಎದುರಾಗುವುದಿಲ್ಲ.

ಹಂತ ನೋಡುವ ವಿಷಯದಲ್ಲಿ ಮಾತ್ರ ನಾನು ನನ್ನ ಮಾತಿಗೇ ನಿಲ್ಲುತ್ತೇನೆ. ಒಂದೇ ಹಂತ ನೋಡಿ ಫೋನು ಕವುಚಿ ಹಾಕುವ ಹಿಡಿತ ನಿನಗಿತ್ತು. ಹದಿನೈದು ವರ್ಷದ ಎಲ್ಲ ಹುಡುಗರಿಗೂ ರಾತ್ರಿ ಒಂಬತ್ತು ಗಂಟೆಗೆ ಅದು ಇರುವುದಿಲ್ಲ.

ಗೋಣಿಕೊಪ್ಪ ಪಿಯುಸಿ

ಆದರೆ ಸರ್, ಆಂಟಿ ಮನೆಯಲ್ಲಿ ಪಠ್ಯಪುಸ್ತಕ ನೋಡಿ 13, 10 ಹುಡುಕಿದರಲ್ಲ, ಅದೂ ಒಂದು ಹಂತ ನೋಡಿದ ಹಾಗೇ ಅಲ್ವಾ? ಪಕ್ಕದಲ್ಲಿ ಅಮ್ಮ ಕೂರದ ಮಕ್ಕಳು ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು? ನಾನು ಹಾಸ್ಟೆಲ್‌ನಲ್ಲಿದ್ದೆ, ನನಗೆ ಕೇಳೋಕೆ ಯಾರೂ ಇರಲಿಲ್ಲ.

ಮಡಿಕೇರಿ ಮಂಜು

ಪೈ ವಿಷಯ ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಷ್ಟ್ರೇ, ಮಗಳಿಗೆ ಹೇಳಿದೆ, ಅವಳಿಗೂ ಸಮಾಧಾನ ಆಯಿತು. ಆದರೂ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಸೋಮವಾರಪೇಟೆ ಮೇಡಂ ಒಂದು ಗಂಟೆ ಪಕ್ಕದಲ್ಲಿ ಕೂತಿದ್ದಕ್ಕೆ ಇದು ಆಯಿತು. ನಾನು ಅಂಗಡಿ ಮುಚ್ಚಿ ಮನೆಗೆ ಬರುವಾಗ ಮಕ್ಕಳು ಮಲಗಿರುತ್ತಾರೆ. ನೋಡುವವರು ಇಲ್ಲದ ಮನೆಯಲ್ಲಿ ಈ ಆ್ಯಪ್ ಕಾಪಿ ಹೊಡೆಯೋಕೇ ಬಳಕೆಯಾಗುವುದು.

ವಿರಾಜಪೇಟೆ ಮೇಷ್ಟ್ರು

ಮಂಜು, ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಂದು ಮಾತ್ರ ಮಾಡಬಹುದು. ಸಾಲಿಗೆ ನಂಬರ್ ಹಾಕಿ, ಕೆಟ್ಟ ಸಾಲನ್ನು ಅಳಿಸದೆ ಪಕ್ಕದಲ್ಲಿ ಒಂದು ಗುರುತು ಹಾಕಿ, ಕೆಳಗೆ ಸರಿಯಾದದ್ದು ಬರೆಯಲು ಹೇಳಿ. ಬೆಳಿಗ್ಗೆ ಪುಸ್ತಕ ತೆರೆದರೆ ನಿಮಗೆ ಲೆಕ್ಕ ಬರದಿದ್ದರೂ ಗೊತ್ತಾಗುತ್ತದೆ. ಒಂದು ಗುರುತೂ ಇಲ್ಲದೆ ಹತ್ತು ಲೆಕ್ಕ ಒಂದೇ ಓಟದಲ್ಲಿ ಮುಗಿದಿದ್ದರೆ, ಯಾವುದಾದರೂ ಒಂದನ್ನು ತೋರಿಸಿ ಈ ಮೂರನೇ ಸಾಲು ಹೇಗೆ ಬಂತು ಅಂತ ಕೇಳಿ. ಹೋಂವರ್ಕ್ ತಿದ್ದುವಾಗ ನಾನು ಮಾಡುತ್ತಿದ್ದದ್ದೂ ಅದೇ.

ನಾಪೋಕ್ಲು ತೋಟ

ಜಿಯೋಜೀಬ್ರಾ ಇಳಿಸಿದೆವು. ಮಡಿಕೇರಿಗೆ ಹೋದಾಗ ಹಾಕಿಕೊಂಡು ಬಂದೆ, ಈಗ ಮನೆಯಲ್ಲಿ ನೆಟ್ ಇಲ್ಲದೆಯೇ ನಡೆಯುತ್ತಿದೆ. ತಂಗಿ ಮಗಳು ಸಿಎಎಸ್ ಬಿಟ್ಟು ಗ್ರಾಫನ್ನೇ ಹಿಡಿದುಕೊಂಡಿದ್ದಾಳೆ. ಇಲ್ಲಿಯ ಲೆಕ್ಕವನ್ನೇ y = 2x^2 + 3x - 65 ಅಂತ ಹಾಕಿದಳು. ಮೊದಲು ಬರೀ ಎರಡು ನೆಟ್ಟಗಿನ ಗೆರೆ ಕಂಡಿತು, ಹಾಳಾಗಿದೆ ಅಂದುಕೊಂಡೆವು. ಬೆರಳಲ್ಲಿ ಚಿಕ್ಕದು ಮಾಡಿದ ಮೇಲೆ ಪೂರ್ತಿ ಬಟ್ಟಲಿನ ಆಕಾರ ಬಂತು. ತಳ ಸೊನ್ನೆಯಿಂದ 66 ಕೆಳಗಿದೆ, ಅದಕ್ಕೇ ಕಾಣುತ್ತಿರಲಿಲ್ಲ. ಅಡ್ಡ ಗೆರೆಯನ್ನು 5ರ ಹತ್ತಿರ ಒಂದು ಸಲ, -6.5ರ ಹತ್ತಿರ ಒಂದು ಸಲ ದಾಟುತ್ತದೆ.

ಅಕ್ಕನ ಮಗನ ತಪ್ಪು ಸಾಲನ್ನೂ ಹಾಕಿ ನೋಡಿದಳು. ಅದರ ಬಟ್ಟಲು ಅಡ್ಡ ಗೆರೆಗಿಂತ ತುಂಬಾ ಮೇಲೆ ತೇಲುತ್ತಿದೆ, ಎಲ್ಲೂ ಮುಟ್ಟುವುದೇ ಇಲ್ಲ. ವಾಸ್ತವ ಉತ್ತರ ಇಲ್ಲ ಅಂದರೆ ಇದೇನಾ ಮಾವ ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಹೌದೇನು ಮೇಷ್ಟ್ರೇ?

ವಿರಾಜಪೇಟೆ ಮೇಷ್ಟ್ರು

ಹೌದು, ಅದೇ. ಒಂಬತ್ತನೇ ಕ್ಲಾಸಿಗೇ ಅದನ್ನು ಕಂಡಳಲ್ಲ, ಮುಂದಿನ ವರ್ಷ ಶೋಧಕ ಅಂತ ಪಾಠ ಬಂದಾಗ ಈ ತೇಲುವ ಬಟ್ಟಲನ್ನು ನೆನಪು ಮಾಡಿಕೊಳ್ಳಲು ಹೇಳಿ.

ಸೋಮವಾರಪೇಟೆ ತಾಯಿ

ಒಂದು ವಾರದ ವಿಷಯ ಹೇಳುತ್ತೇನೆ. ಟೀಚರ್ ಹತ್ತಿರ ಮಾತಾಡಿದೆ. ಎಲ್ಲ ಲೆಕ್ಕ ಮಾಡಲೇಬೇಕು, ಬೇರೆ ಮಕ್ಕಳಿಗೆ ಏನು ಹೇಳಲಿ ಅಂದರು. ಅವರ ಮಾತೂ ನ್ಯಾಯವೇ. ಹಾಗಾಗಿ ರಾತ್ರಿ ನಾಲ್ಕು, ಬೆಳಿಗ್ಗೆ ಬೇಗ ಎದ್ದು ಮಿಕ್ಕಿದ್ದು ಮಾಡುತ್ತಿದ್ದಾನೆ. ಒಂದು ಲೆಕ್ಕಕ್ಕೆ ಈಗ ಹತ್ತು ನಿಮಿಷಕ್ಕೆ ಬಂದಿದೆ. ಮೈನಸ್ ತಪ್ಪು ಮತ್ತೆ ಎರಡು ಸಲ ಮಾಡಿದ, ಎರಡನ್ನೂ ಕ್ಯಾಮೆರಾ ಹಿಡಿಯುವ ಮೊದಲೇ ತಾನೇ ಕಂಡುಕೊಂಡ. ಟೆಸ್ಟ್ ಇನ್ನೂ ಆಗಿಲ್ಲ.

ಥೇಲ್ಸ್ ಪ್ರಮೇಯದ ಸಾಧನೆಗೆ ಇದು ಯಾವುದೂ ನಡೆಯಲಿಲ್ಲ. ಅಲ್ಲಿ ಸಮೀಕರಣದ ಸಾಲುಗಳೇ ಇಲ್ಲ, ಕಾರಣ ಬರೆಯಬೇಕು. ಅದಕ್ಕೆ ಏನು ಮಾಡಬೇಕೋ ಗೊತ್ತಿಲ್ಲ, ಸದ್ಯಕ್ಕೆ ಪುಸ್ತಕ ಮುಚ್ಚಿ ಚಿತ್ರ ಬರೆದು ನನಗೆ ಬಾಯಲ್ಲಿ ಹೇಳು ಅನ್ನುತ್ತಿದ್ದೇನೆ.

ಮಗ ನಿಮ್ಮನ್ನು ಒಂದು ಕೇಳಬೇಕಂತೆ, ಅವನೇ ಬರೆಯುತ್ತಾನೆ.

ಸರ್ ನಮಸ್ತೆ. ಕಣದ ಲೆಕ್ಕದಲ್ಲಿ -6.5 ಬೇಡ, ಅಗಲ ಮೈನಸ್ ಇರೋಲ್ಲ ಅಂತ ಬಿಟ್ಟೆ. ಆಮೇಲೆ ಸುಮ್ನೆ ಹಾಕಿ ನೋಡಿದೆ. ಅಗಲ -6.5 ಆದರೆ ಉದ್ದ -10 ಬರುತ್ತದೆ. ಎರಡನ್ನೂ ಗುಣಿಸಿದರೆ ಸರಿಯಾಗಿ 65 ಬರುತ್ತದೆ ಸರ್. ಹಾಗಾದರೆ ಅದು ತಪ್ಪು ಉತ್ತರ ಹೇಗಾಗುತ್ತದೆ?

ವಿರಾಜಪೇಟೆ ಮೇಷ್ಟ್ರು

ಅದು ತಪ್ಪು ಉತ್ತರ ಅಲ್ಲ ಮಗನೇ. ನೀನು ಬರೆದ ಸಮೀಕರಣ ಕೇಳಿದ್ದು ಇಷ್ಟೇ, ಒಂದು ಸಂಖ್ಯೆಯನ್ನೂ ಅದರ ಎರಡರಷ್ಟಕ್ಕೆ ಮೂರು ಸೇರಿಸಿದ್ದನ್ನೂ ಗುಣಿಸಿದರೆ 65 ಬರಬೇಕು. ಅದಕ್ಕೆ 5 ಎಷ್ಟು ಸರಿಯೋ -6.5 ಕೂಡ ಅಷ್ಟೇ ಸರಿ. ಅದು ಕಣ ಅಂತ ಸಮೀಕರಣದಲ್ಲಿ ನೀನು ಎಲ್ಲೂ ಬರೆದಿಲ್ಲ. ಅಗಲ ಸೊನ್ನೆಗಿಂತ ಜಾಸ್ತಿ ಇರಬೇಕು ಅಂತ ಉತ್ತರ ಪತ್ರಿಕೆಯಲ್ಲಿ ಒಂದು ಸಾಲು ಬರೆದು, ಆಮೇಲೆ -6.5 ಬಿಡು. ಈಗ ನೀನೇ ಒಂದು ಲೆಕ್ಕ ಮಾಡು. ಎರಡು ಮೂಲವೂ ಉಪಯೋಗಕ್ಕೆ ಬರುವ ಹಾಗೆ ಒಂದು ಪ್ರಶ್ನೆ ತಯಾರಿಸಿ ಇಲ್ಲಿ ಹಾಕು, ಗೋಣಿಕೊಪ್ಪದ ಅಕ್ಕ ಬಿಡಿಸಲಿ.